ಆರು ದಿನಕ್ಕೆ ನಿಂತ ಎಚ್. ಪೈಲೋರಿ ಕೋರ್ಸ್: ಅದೇ ಕಿಟ್ ಮತ್ತೆ ನುಂಗಬೇಕಾ?

ಪ್ರಶ್ನೆ: ನನಗೆ 41 ವರ್ಷ. ಬ್ಯಾಡಗಿ ಹತ್ತಿರದ ಊರು, ಮನೆಯಲ್ಲೇ ಟೇಲರಿಂಗ್ ಮಾಡುತ್ತೇನೆ. ಎದೆಗೂಡಿನ ಕೆಳಗೆ ಉರಿಯುವ ನೋವು ರಾತ್ರಿ ಎರಡು ಗಂಟೆಗೆ ಎಬ್ಬಿಸುತ್ತಿತ್ತು. ನಾಲ್ಕು ತಿಂಗಳ ಹಿಂದೆ ಎಂಡೋಸ್ಕೋಪಿ ಮಾಡಿದರು. ಡುವೋಡಿನಲ್ ಅಲ್ಸರ್, ಎಚ್. ಪೈಲೋರಿ ಪಾಸಿಟಿವ್ ಅಂತ ಬಂತು. ಪ್ಯಾಂಟೊಪ್ರಜೋಲ್, ಅಮಾಕ್ಸಿಸಿಲಿನ್, ಕ್ಲಾರಿತ್ರೋಮೈಸಿನ್ 14 ದಿನಕ್ಕೆ ಕೊಟ್ಟರು. ಬಾಯೆಲ್ಲ ಕಹಿಯಾಗಿ, ಭೇದಿ ಶುರುವಾಗಿ ಆರನೇ ದಿನ ಬಿಟ್ಟೆ. ಪ್ಯಾಂಟೊಪ್ರಜೋಲ್ ಮಾತ್ರ ಈಗಲೂ ದಿನಾ ತಗೊಳ್ಳುತ್ತೇನೆ. ನೋವು ಮತ್ತೆ ಬಂದಿದೆ. ಲ್ಯಾಬ್‌ನಲ್ಲಿ ರಕ್ತ ಕೊಟ್ಟೆ, ಎಚ್. ಪೈಲೋರಿ ಪಾಸಿಟಿವ್. ಮೆಡಿಕಲ್ ಶಾಪ್‌ನವರು ಅದೇ ಕಿಟ್ ಇನ್ನೊಂದು ಸಲ ನುಂಗಿ ಅಂತಾರೆ. ಅತ್ತೆ ಖಾರ ಬಿಡು ಅಂತಾರೆ. ಸೊಂಟನೋವಿಗೆ ಆಗಾಗ ನೋವಿನ ಮಾತ್ರೆ ತಗೊಳ್ಳುವುದೂ ಇದೆ. ಏನು ಮಾಡಲಿ? ಗಂಡ, ಇಬ್ಬರು ಮಕ್ಕಳಿಗೂ ಪರೀಕ್ಷೆ ಬೇಕಾ? ಇದು ಕ್ಯಾನ್ಸರ್ ಆಗುತ್ತಾ?

ಉತ್ತರ: ಆ ಕಿಟ್ ತರಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಕೈಯಲ್ಲಿರುವ ರಕ್ತದ ರಿಪೋರ್ಟ್ ನೋಡೋಣ.

ಲ್ಯಾಬ್‌ನವರು ರಕ್ತದಲ್ಲಿ ಹುಡುಕಿದ್ದು ರೋಗಾಣುವನ್ನಲ್ಲ. ಅದರ ವಿರುದ್ಧ ನಿಮ್ಮ ದೇಹ ತಯಾರಿಸಿದ ಪ್ರತಿಕಾಯಗಳನ್ನು. ಕಳ್ಳ ಊರು ಬಿಟ್ಟು ಹೋದ ಮೇಲೂ ನಾಯಿ ಬೊಗಳುತ್ತಲೇ ಇರುತ್ತದಲ್ಲ, ಹಾಗೆ ಈ ಪ್ರತಿಕಾಯಗಳು. ರೋಗಾಣು ಪೂರ್ತಿ ಸತ್ತ ಮೇಲೂ ಅವು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ರಕ್ತದಲ್ಲಿ ಉಳಿಯುತ್ತವೆ. ಹಾಗಾಗಿ ಒಮ್ಮೆ ಚಿಕಿತ್ಸೆ ಪಡೆದವರಿಗೆ ಈ ಪರೀಕ್ಷೆ ಏನನ್ನೂ ಹೇಳುವುದಿಲ್ಲ. ನೀವು 14 ದಿನ ಪೂರ್ತಿ ಮಾತ್ರೆ ನುಂಗಿ ಗುಣವಾಗಿದ್ದರೂ ಇವತ್ತು ಇದೇ ಪಾಸಿಟಿವ್ ಬರುವ ಸಾಧ್ಯತೆ ಇತ್ತು. ಇಂಥ ರಿಪೋರ್ಟ್ ಹಿಡಿದುಕೊಂಡು ಮೂರು ಸಲ ಕೋರ್ಸ್ ಮಾಡಿದವರೂ ನನ್ನ ಹತ್ತಿರ ಬಂದಿದ್ದಾರೆ. ಮೊದಲ ಸಲವೇ ಅವರ ರೋಗಾಣು ಹೋಗಿತ್ತೋ ಏನೋ, ಯಾರೂ ನೋಡಿರಲಿಲ್ಲ.

ಆರೇ ದಿನಕ್ಕೆ ಬಿಟ್ಟಿದ್ದರಿಂದ ನಿಮ್ಮಲ್ಲಿ ಅದು ಇನ್ನೂ ಇದೆ ಎಂದೇ ನನ್ನ ಅನುಮಾನ. ಆದರೂ ಅನುಮಾನದ ಮೇಲೆ ಎರಡನೇ ಕೋರ್ಸ್ ಕೊಡಲು ನನಗೆ ಇಷ್ಟವಿಲ್ಲ. ಒಂದು ಕಾರಣ, ಎರಡನೇ ಕೋರ್ಸ್ ಮೊದಲಿನದಕ್ಕಿಂತ ಭಾರ. ಇನ್ನೊಂದು ಕಾರಣ ನಿಮ್ಮ ಸೊಂಟನೋವಿನ ಮಾತ್ರೆ. ಅದಕ್ಕೆ ಆಮೇಲೆ ಬರುತ್ತೇನೆ.

ರೋಗಾಣು ಈಗ ಇದೆಯಾ ಅಂತ ತಿಳಿಯಲು ಎರಡು ಒಳ್ಳೆಯ ದಾರಿಗಳಿವೆ, ಬ್ರೆತ್ ಟೆಸ್ಟ್ ಮತ್ತು ಮಲದ ಆಂಟಿಜೆನ್ ಪರೀಕ್ಷೆ. ಬ್ರೆತ್ ಟೆಸ್ಟ್ ಯಾಕೆ ಕೆಲಸ ಮಾಡುತ್ತದೆ ಅಂತ ಗೊತ್ತಾದರೆ ಈ ರೋಗಾಣುವಿನ ಸ್ವಭಾವವೂ ಗೊತ್ತಾಗುತ್ತದೆ. ನಮ್ಮ ಜಠರದ ಆಸಿಡ್‌ನಲ್ಲಿ ಹೆಚ್ಚಿನ ರೋಗಾಣುಗಳು ಉಳಿಯುವುದಿಲ್ಲ. ಎಚ್. ಪೈಲೋರಿ ಹತ್ತಿರ ಯೂರಿಯೇಸ್ ಎಂಬ ಕಿಣ್ವ ಇದೆ. ಅದು ಹೊಟ್ಟೆಯಲ್ಲಿರುವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿ ತನ್ನ ಸುತ್ತಲಿನ ಆಸಿಡ್ ಮುರಿದುಕೊಳ್ಳುತ್ತದೆ. ಹಾಗೆ ದಾರಿ ಮಾಡಿಕೊಂಡು, ಸ್ಕ್ರೂ ತಿರುಗಿದ ಹಾಗೆ ತಿರುಗುತ್ತಾ ಜಠರದ ಒಳಪದರದ ಮೇಲಿನ ಲೋಳೆಯೊಳಗೆ ಹೊಕ್ಕು ಕೂರುತ್ತದೆ. ಅಲ್ಲಿಗೆ ಆಸಿಡ್ಡೂ ಸರಿಯಾಗಿ ತಲುಪದು, ಔಷಧಿಯೂ ಸುಲಭವಾಗಿ ತಲುಪದು.

ಬ್ರೆತ್ ಟೆಸ್ಟ್‌ನಲ್ಲಿ ನಾವು ಈ ಯೂರಿಯೇಸನ್ನೇ ಹಿಡಿಯುತ್ತೇವೆ. ಖಾಲಿ ಹೊಟ್ಟೆಯಲ್ಲಿ ಬರಬೇಕು. ಮೊದಲು ಒಂದು ಚೀಲಕ್ಕೆ ಊದಬೇಕು. ಆಮೇಲೆ ಗುರುತು ಮಾಡಿದ ಕಾರ್ಬನ್ ಇರುವ ಯೂರಿಯಾ ಕುಡಿಯಲು ಕೊಡುತ್ತಾರೆ. ಅರ್ಧ ಗಂಟೆಯ ಹೊತ್ತು ಕೂತು ಮತ್ತೆ ಊದಬೇಕು. ಹೊಟ್ಟೆಯಲ್ಲಿ ರೋಗಾಣು ಇದ್ದರೆ ಆ ಯೂರಿಯಾ ಒಡೆದು, ಗುರುತಿನ ಕಾರ್ಬನ್ ನಿಮ್ಮ ಉಸಿರಲ್ಲಿ ಹೊರಬರುತ್ತದೆ. ಕೆಲವು ಕಡೆ ಕಾರ್ಬನ್ 14 ಇರುವ ಕ್ಯಾಪ್ಸೂಲ್ ಬಳಸುತ್ತಾರೆ. ಅದರಲ್ಲಿ ತೀರಾ ಸ್ವಲ್ಪ ವಿಕಿರಣ ಇರುತ್ತದೆ, ಗರ್ಭಿಣಿಯರಿಗೆ ಮತ್ತು ಮಕ್ಕಳಿಗೆ ಅದು ಬೇಡ. ಕಾರ್ಬನ್ 13ರಲ್ಲಿ ಆ ಚಿಂತೆ ಇಲ್ಲ. ನಿಮ್ಮ ಊರಲ್ಲಿ ಬ್ರೆತ್ ಟೆಸ್ಟ್ ಸಿಗದಿದ್ದರೆ ಮಲದ ಆಂಟಿಜೆನ್ ಪರೀಕ್ಷೆಯೂ ಆಗುತ್ತದೆ. ಕೇಳುವಾಗ ಹೆಸರು ಸರಿಯಾಗಿ ಹೇಳಿ. ಸುಮ್ನೆ 'ಎಚ್. ಪೈಲೋರಿ ಟೆಸ್ಟ್' ಅಂದರೆ ಮತ್ತೆ ರಕ್ತ ತೆಗೆದುಕೊಂಡು ಕಳಿಸುತ್ತಾರೆ.

ಇಲ್ಲಿ ಜಾಸ್ತಿ ಜನ ಎಡವುವುದು ಪ್ಯಾಂಟೊಪ್ರಜೋಲ್ ವಿಷಯದಲ್ಲಿ. ಆಸಿಡ್ ಕಡಿಮೆ ಮಾಡುವ ಈ ಮಾತ್ರೆ ರೋಗಾಣುವನ್ನು ಕೊಲ್ಲುವುದಿಲ್ಲ, ಆದರೆ ಮಂಕಾಗಿಸುತ್ತದೆ. ಸಂಖ್ಯೆ ಕಡಿಮೆಯಾಗುತ್ತದೆ, ಜಾಗ ಬದಲಾಗುತ್ತದೆ. ಆಗ ಬ್ರೆತ್ ಟೆಸ್ಟ್ ಆಗಲಿ ಮಲದ ಪರೀಕ್ಷೆಯಾಗಲಿ ಸುಳ್ಳು ನೆಗೆಟಿವ್ ತೋರಿಸಬಹುದು. ಅದಕ್ಕೇ ಪರೀಕ್ಷೆಗೆ ಎರಡು ವಾರ ಮೊದಲು ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಥರದ ಮಾತ್ರೆಗಳನ್ನು ನಿಲ್ಲಿಸಬೇಕು. ಆಂಟಿಬಯಾಟಿಕ್ ತೆಗೆದುಕೊಂಡು ನಾಲ್ಕು ವಾರ ಆಗಿರಬೇಕು. ನೆಗಡಿಗೆ ಅಂತ ಮೊನ್ನೆ ನುಂಗಿದ ಅಜಿತ್ರೋಮೈಸಿನ್ ಕೂಡ ಲೆಕ್ಕಕ್ಕೆ ಬರುತ್ತದೆ.

ಎರಡು ವಾರ ಮಾತ್ರೆ ಇಲ್ಲದೆ ಆ ಉರಿ ತಡೆಯುವುದು ಹೇಗೆ? ಆಂಟಾಸಿಡ್ ಸಿರಪ್ ಕುಡಿಯಬಹುದು. ಅದು ಸಾಲದಿದ್ದರೆ ಫ್ಯಾಮೊಟಿಡಿನ್ ಮಾತ್ರೆ ನಡೆಯುತ್ತದೆ, ಪರೀಕ್ಷೆಯ ಹಿಂದಿನ ಎರಡು ದಿನ ಅದನ್ನು ಬಿಟ್ಟರೆ ಆಯಿತು. ಆದರೆ ನಿಮ್ಮ ಮಟ್ಟಿಗೆ ಒಂದು ಷರತ್ತು. ನೋವಿನ ಮಾತ್ರೆ ನುಂಗುತ್ತಾ ಪ್ಯಾಂಟೊಪ್ರಜೋಲ್ ನಿಲ್ಲಿಸಬೇಡಿ. ಅಲ್ಸರ್ ಇರುವವರು ಹಾಗೆ ಮಾಡಿದರೆ ರಕ್ತಸ್ರಾವ ಆಗಬಹುದು. ಮೊದಲು ನೋವಿನ ಮಾತ್ರೆ ನಿಲ್ಲಬೇಕು, ಆಮೇಲೆ ಇದು. ನಿಮ್ಮ ವೈದ್ಯರನ್ನು ಕೇಳಿಯೇ ನಿಲ್ಲಿಸಿ. ನಿಲ್ಲಿಸಲು ಆಗುವುದೇ ಇಲ್ಲ ಎಂದಾದರೆ ಮಾತ್ರೆಯ ಮೇಲೇ ಪರೀಕ್ಷೆ ಮಾಡಿಸಿ. ಪಾಸಿಟಿವ್ ಬಂದರೆ ಅದನ್ನು ನಂಬಬಹುದು, ನೆಗೆಟಿವ್ ಬಂದರೆ ಮಾತ್ರ ನಂಬುವ ಹಾಗಿಲ್ಲ.

ಎಂಡೋಸ್ಕೋಪಿ ಮತ್ತೆ ಬೇಕಾ ಅಂತ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳುತ್ತಾರೆ. ನಿಮ್ಮ ಹುಣ್ಣು ಇದ್ದದ್ದು ಡುವೋಡಿನಮ್‌ನಲ್ಲಿ, ಅಂದರೆ ಜಠರ ದಾಟಿದ ಮೇಲೆ ಸಿಗುವ ಸಣ್ಣ ಕರುಳಿನ ಶುರುವಿನಲ್ಲಿ. ಅಲ್ಲಿನ ಹುಣ್ಣು ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ಜಠರದೊಳಗಿನ ಹುಣ್ಣಾಗಿದ್ದರೆ ವಾಸಿಯಾಯಿತಾ ಅಂತ ಮತ್ತೆ ಒಳಗೆ ನೋಡಿ ಎನ್ನುತ್ತಿದ್ದೆ. ಸದ್ಯಕ್ಕೆ ಬ್ರೆತ್ ಟೆಸ್ಟ್ ಸಾಕು.

ಈಗ ಕಿಟ್ ವಿಷಯ. ನಿಮ್ಮ ಕೋರ್ಸ್‌ನಲ್ಲಿ ಆಸಿಡ್ ಇಳಿಸುವ ಮಾತ್ರೆ ಯಾಕಿತ್ತು ಗೊತ್ತಾ? ನೋವು ಕಡಿಮೆ ಮಾಡಲು ಮಾತ್ರವಲ್ಲ. ಆಸಿಡ್ ಜಾಸ್ತಿ ಇದ್ದಾಗ ಈ ರೋಗಾಣು ಹೊಸ ಮರಿ ಹಾಕದೆ ಸುಮ್ಮನೆ ಕೂರುತ್ತದೆ. ಅಮಾಕ್ಸಿಸಿಲಿನ್ ಕೊಲ್ಲುವುದು ಮರಿ ಹಾಕುತ್ತಿರುವ ರೋಗಾಣುವನ್ನು. ಆಸಿಡ್ ಇಳಿದರೆ ಅದು ಎಚ್ಚೆತ್ತು ಬೆಳೆಯಲು ಶುರುಮಾಡುತ್ತದೆ, ಆಗ ಔಷಧಿ ತಾಗುತ್ತದೆ. ಕ್ಲಾರಿತ್ರೋಮೈಸಿನ್‌ಗೂ ಆಸಿಡ್ ಆಗಿಬರದು. ಎಲ್ಲ ರೋಗಾಣುಗಳೂ ಒಟ್ಟಿಗೆ ಏಳುವುದಿಲ್ಲ, ಲೋಳೆಯ ಆಳದಲ್ಲಿ ಕೂತವು ತಡವಾಗಿ ಏಳುತ್ತವೆ. 14 ದಿನ ಬೇಕಾಗುವುದು ಇದಕ್ಕೇ. ಆರನೇ ದಿನಕ್ಕೆ ನಿಮ್ಮ ನೋವು ಹೋಗಿರಬಹುದು, ಆದರೆ ಆ ನೆಮ್ಮದಿ ಕೊಟ್ಟದ್ದು ಪ್ಯಾಂಟೊಪ್ರಜೋಲ್. ಅಂಗಡಿಯಲ್ಲಿ ಸಿಗುವ ಕೆಲವು ಕಿಟ್‌ಗಳಲ್ಲಿ ಏಳೇ ದಿನದ ಪಟ್ಟಿಗಳಿರುತ್ತವೆ. ಜನ ಡಬ್ಬಿ ಖಾಲಿಯಾಯಿತು, ಕೋರ್ಸ್ ಮುಗಿಯಿತು ಅಂದುಕೊಳ್ಳುತ್ತಾರೆ.

ಅರ್ಧಕ್ಕೆ ಬಿಟ್ಟಾಗ ಉಳಿಯುವುದು ಔಷಧಿಗೆ ಬಗ್ಗದ ರೋಗಾಣುಗಳು. ಕ್ಲಾರಿತ್ರೋಮೈಸಿನ್‌ಗೆ ಬಗ್ಗದ ರೋಗಾಣು ಒಮ್ಮೆ ಉಳಿದರೆ ಡೋಸ್ ಎಷ್ಟು ಏರಿಸಿದರೂ ಪ್ರಯೋಜನ ಇಲ್ಲ. ಹಾಗಂತ ಎಲ್ಲ ತಪ್ಪನ್ನೂ ನಿಮ್ಮ ತಲೆಗೆ ಕಟ್ಟುವುದೂ ಸರಿಯಲ್ಲ. ನಮ್ಮಲ್ಲಿ ಕೆಮ್ಮು, ಗಂಟಲುನೋವಿಗೆಲ್ಲ ಅಜಿತ್ರೋಮೈಸಿನ್ ನುಂಗುವ ಅಭ್ಯಾಸವಿದೆ. ಅದು ಕ್ಲಾರಿತ್ರೋಮೈಸಿನ್‌ನ ತಮ್ಮ ಇದ್ದ ಹಾಗೆ. ಒಂದಕ್ಕೆ ಬಗ್ಗದ್ದು ಇನ್ನೊಂದಕ್ಕೂ ಬಗ್ಗುವುದಿಲ್ಲ. ನೀವು ಮೊದಲ ಮಾತ್ರೆ ನುಂಗುವ ಮೊದಲೇ ನಿಮ್ಮ ರೋಗಾಣು ಕ್ಲಾರಿತ್ರೋಮೈಸಿನ್ ಗೆದ್ದಿದ್ದರೂ ಇರಬಹುದು. ಯಾವುದೇ ಕಾರಣವಿರಲಿ, ಒಂದು ಸಲ ಕ್ಲಾರಿತ್ರೋಮೈಸಿನ್ ಕೊಟ್ಟು ಸೋತರೆ ಎರಡನೇ ಸಲ ಅದನ್ನು ಕೊಡಬಾರದು. ಲೀವೋಫ್ಲಾಕ್ಸಾಸಿನ್ ಕೊಡುವವರೂ ಇದ್ದಾರೆ, ಆದರೆ ಅದಕ್ಕೂ ಬಗ್ಗದ ರೋಗಾಣು ನಮ್ಮ ದೇಶದಲ್ಲಿ ಬಹಳ. ನಾನಂತೂ ಅದನ್ನು ಮೊದಲು ಹುಡುಕುವುದಿಲ್ಲ.

ಪರೀಕ್ಷೆ ಪಾಸಿಟಿವ್ ಬಂದರೆ ನಾನು ಕೊಡುವುದು ಬಿಸ್ಮತ್ ಇರುವ ನಾಲ್ಕು ಔಷಧಿಗಳ ಕೋರ್ಸ್, 14 ದಿನ. ಆಸಿಡ್ ಇಳಿಸುವ ಮಾತ್ರೆ ದಿನಕ್ಕೆ ಎರಡು ಸಲ, ಬಿಸ್ಮತ್, ಟೆಟ್ರಾಸೈಕ್ಲಿನ್ 500 ಮಿ.ಗ್ರಾಂ. ದಿನಕ್ಕೆ ನಾಲ್ಕು ಸಲ, ಮೆಟ್ರೊನಿಡಜೋಲ್ 400 ಮಿ.ಗ್ರಾಂ. ಮೂರರಿಂದ ನಾಲ್ಕು ಸಲ. ಮೆಟ್ರೊನಿಡಜೋಲ್‌ಗೆ ಬಗ್ಗದ ರೋಗಾಣುವೂ ಇಲ್ಲಿ ಸಾಕಷ್ಟಿದೆ. ಆದರೆ ಡೋಸ್ ಸರಿಯಾಗಿ ಕೊಟ್ಟು, ಬಿಸ್ಮತ್ ಜೊತೆಗಿಟ್ಟು, 14 ದಿನ ಮುಗಿಸಿದರೆ ಆ ತೊಡಕನ್ನು ಬಹಳಷ್ಟು ದಾಟಬಹುದು. ಟೆಟ್ರಾಸೈಕ್ಲಿನ್ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. 'ಅದೇ ಜಾತಿದು' ಅಂತ ಡಾಕ್ಸಿಸೈಕ್ಲಿನ್ ಕೊಟ್ಟರೆ ತರಬೇಡಿ, ಈ ರೋಗಾಣುವಿನ ಮೇಲೆ ಅದು ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಟೆಟ್ರಾಸೈಕ್ಲಿನ್ ಸಿಗದಿದ್ದರೆ ಅದರ ಜಾಗಕ್ಕೆ ಅಮಾಕ್ಸಿಸಿಲಿನ್ ಹಾಕಬಹುದು, ಅದಕ್ಕೆ ರೋಗಾಣು ಇನ್ನೂ ಬಗ್ಗುತ್ತದೆ. ಪೆನಿಸಿಲಿನ್ ಅಲರ್ಜಿ ಇರುವವರಿಗೆ ಅದು ಬೇಡ. ನೀವು ಆರು ದಿನ ತಗೊಂಡಿದ್ದೀರಿ, ಮೈಮೇಲೆ ದದ್ದು ಬಂದಿಲ್ಲವಾದರೆ ಆ ಭಯ ಕಡಿಮೆ.

ಎಣಿಸಿದರೆ ದಿನಕ್ಕೆ ಹತ್ತಾರು ಮಾತ್ರೆ. ಯಾವಾಗ ಯಾವುದು ಅಂತ ಬರೆದುಕೊಡದಿದ್ದರೆ ಯಾರಿಗೂ ಆಗುವುದಿಲ್ಲ. ನನ್ನ ರೋಗಿಗಳಿಗೆ ನಾನು ಊಟಕ್ಕೆ ಕಟ್ಟಿ ಹೇಳುತ್ತೇನೆ. ಆಸಿಡ್ ಮಾತ್ರೆ ತಿಂಡಿಗೆ ಅರ್ಧ ಗಂಟೆ ಮೊದಲು, ರಾತ್ರಿ ಊಟಕ್ಕೆ ಅರ್ಧ ಗಂಟೆ ಮೊದಲು. ಉಳಿದವು ತಿಂಡಿ, ಮಧ್ಯಾಹ್ನದ ಊಟ, ರಾತ್ರಿ ಊಟದ ಜೊತೆ, ಕೊನೆಯದು ಮಲಗುವ ಮೊದಲು. ಆ ಕೊನೆಯ ಟೆಟ್ರಾಸೈಕ್ಲಿನ್ ನುಂಗಿ ತಕ್ಷಣ ಮಲಗಬೇಡಿ. ದೊಡ್ಡ ಲೋಟ ನೀರು ಕುಡಿದು ಅರ್ಧ ಗಂಟೆ ಕೂತಿರಿ. ಅದು ಅನ್ನನಾಳದಲ್ಲಿ ಅಂಟಿಕೊಂಡರೆ ಅಲ್ಲೇ ಇನ್ನೊಂದು ಹುಣ್ಣು ಮಾಡುತ್ತದೆ. ಹಾಲು, ಮೊಸರು, ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಆಂಟಾಸಿಡ್ ಇವು ಟೆಟ್ರಾಸೈಕ್ಲಿನ್‌ನ ಹಿಂದೆ ಮುಂದೆ ಎರಡು ಗಂಟೆ ಬೇಡ. ನಿಮ್ಮ ಕಡೆ ಊಟಕ್ಕೆ ಮಜ್ಜಿಗೆ ಇಲ್ಲದೆ ಆಗದು ಅಂತ ಗೊತ್ತು. ಆ ಎರಡು ವಾರ ಮಜ್ಜಿಗೆಯನ್ನು ಸಂಜೆ ನಾಲ್ಕಕ್ಕೆ ಇಟ್ಟುಕೊಳ್ಳಿ. ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ ಈ ಕೋರ್ಸ್ ಶುರು ಮಾಡುವಂತಿಲ್ಲ. ಮನೆಯಲ್ಲಿ ಇದೇ ಔಷಧಿ ಬೇರೆ ಯಾರಿಗಾದರೂ ಬರೆದರೆ, ಮೆಟ್ರೊನಿಡಜೋಲ್ ಜೊತೆ ಮದ್ಯ ಕೂಡದು ಅಂತ ಅವರಿಗೂ ಹೇಳಿ.

ಬಾಯಿಯ ಕಹಿ ಈ ಸಲವೂ ಬರುತ್ತದೆ. ಕ್ಲಾರಿತ್ರೋಮೈಸಿನ್ ಹೇಗೋ ಮೆಟ್ರೊನಿಡಜೋಲ್ ಹಾಗೇ, ಬಾಯಲ್ಲಿ ತಾಮ್ರದ ಕಾಸು ಇಟ್ಟುಕೊಂಡ ಹಾಗಿರುತ್ತದೆ. ಲವಂಗವೋ ಸೋಂಪೋ ಬಾಯಲ್ಲಿಟ್ಟುಕೊಳ್ಳಿ. ಕೋರ್ಸ್ ಮುಗಿದ ಮೇಲೆ ಹೋಗುತ್ತದೆ. ದಿನಕ್ಕೆ ಎರಡು ಮೂರು ಸಲ ತೆಳ್ಳಗೆ ಹೋದರೆ ಭಯ ಬೇಡ. ನೀರು ಜಾಸ್ತಿ ಕುಡಿಯಿರಿ. ಬೇಕಾದರೆ ಪ್ರೊಬಯೋಟಿಕ್ ಕೊಡಬಹುದು, ಕೆಲವರಿಗೆ ಭೇದಿ ಕಡಿಮೆಯಾಗುತ್ತದೆ. ಆದರೆ ರಕ್ತ ಕಂಡರೆ, ಜ್ವರ ಬಂದರೆ, ಲೆಕ್ಕವಿಲ್ಲದಷ್ಟು ಸಲ ಹೋದರೆ ವೈದ್ಯರಿಗೆ ಫೋನ್ ಮಾಡಿ. ನೀವಾಗಿಯೇ ನಿಲ್ಲಿಸಬೇಡಿ. ಒಂದು ಹೊತ್ತು ಮರೆತರೆ ನೆನಪಾದಾಗ ನುಂಗಿ. ಎರಡು ಹೊತ್ತಿನದು ಒಟ್ಟಿಗೆ ಬೇಡ.

ಬಿಸ್ಮತ್‌ನ ಒಂದು ಕಿತಾಪತಿ ಮೊದಲೇ ಹೇಳಿಬಿಡುತ್ತೇನೆ. ಮಲ ಕಪ್ಪಾಗುತ್ತದೆ, ಕೆಲವೊಮ್ಮೆ ನಾಲಿಗೆಯೂ. ಇದನ್ನು ಹೇಳದೆ ಕಳಿಸಿದ್ದಕ್ಕೆ ಒಬ್ಬರು ನಾಲ್ಕನೇ ದಿನ ರಕ್ತ ಹೋಗುತ್ತಿದೆ ಅಂತ ಗಾಬರಿಯಾಗಿ ಎಲ್ಲ ಮಾತ್ರೆ ಬಿಟ್ಟು ಬಂದಿದ್ದರು. ತಪ್ಪು ನನ್ನದೇ. ಬಿಸ್ಮತ್‌ನ ಕಪ್ಪು ಗಟ್ಟಿಯಾಗಿರುತ್ತದೆ, ಸ್ಲೇಟಿನ ಬಣ್ಣ. ಅಲ್ಸರ್‌ನಿಂದ ರಕ್ತ ಹೋದರೆ ಅದು ಡಾಂಬರಿನ ಹಾಗೆ ಅಂಟಂಟು, ಹೊಳಪು, ಕೆಟ್ಟ ವಾಸನೆ. ಜೊತೆಗೆ ತಲೆಸುತ್ತು, ಸುಸ್ತು, ಎದೆಬಡಿತ ಇರುತ್ತದೆ. ಎರಡನೆಯದಾದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ಯಾವುದು ಅಂತ ಗೊತ್ತಾಗದಿದ್ದರೂ ಹೋಗಬೇಕು.

ಸೊಂಟನೋವಿನ ಮಾತ್ರೆಗೆ ಬರೋಣ. ಹೆಸರು ಬರೆದಿಲ್ಲ, ಆದರೆ ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಇವುಗಳಲ್ಲಿ ಒಂದಿರಬೇಕು ಎಂದು ನನ್ನ ಊಹೆ. ಪಟ್ಟಿಯ ಹಿಂದೆ ಓದಿ ನೋಡಿ. ಇವು ಜಠರವನ್ನು ಕಾಪಾಡುವ ಲೋಳೆಯ ಪದರವನ್ನೇ ತೆಳುವಾಗಿಸುತ್ತವೆ, ರೋಗಾಣು ಇಲ್ಲದೆಯೂ ಅಲ್ಸರ್ ಮಾಡಬಲ್ಲವು. ರೋಗಾಣುವೂ ಇದ್ದು ಇವೂ ಸೇರಿದರೆ ಅಪಾಯ ಇನ್ನೂ ಜಾಸ್ತಿ. ನಿಮ್ಮ ಬ್ರೆತ್ ಟೆಸ್ಟ್ ಸರಿಯಾದ ಕ್ರಮದಲ್ಲಿ ಮಾಡಿಯೂ ನೆಗೆಟಿವ್ ಬಂದರೆ ನಾನು ಮೊದಲು ಕೈತೋರಿಸುವುದು ಈ ಮಾತ್ರೆಯ ಕಡೆಗೇ. ಆಗ ಆಂಟಿಬಯಾಟಿಕ್ ಬೇಕೇ ಇಲ್ಲ. ಸದ್ಯಕ್ಕೆ ಪ್ಯಾರಾಸಿಟಮಾಲ್‌ಗೆ ಬದಲಾಯಿಸಿ. ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂರುವ ಸೊಂಟಕ್ಕೆ ಮಾತ್ರೆಗಿಂತ ಕುರ್ಚಿಯ ಎತ್ತರ ಸರಿಮಾಡುವುದು ಹೆಚ್ಚು ಉಪಯೋಗಕ್ಕೆ ಬಂದೀತು, ಆದರೆ ಅದು ನನ್ನ ಇಲಾಖೆಯಲ್ಲ.

ಇನ್ನು ನಿಮ್ಮ ಅತ್ತೆಯವರ ಮಾತು. ಮೆಣಸಿನಕಾಯಿ ಮಾರುಕಟ್ಟೆಯ ಊರಲ್ಲಿ ಕೂತು ಖಾರ ಬಿಡು ಅಂದರೆ ಹೇಗೆ! ಅದೂ ಬ್ಯಾಡಗಿ ಮೆಣಸು ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ. ಖಾರ, ಚಿಂತೆ, ಆಸಿಡ್ ಇವೇ ಅಲ್ಸರ್‌ಗೆ ಕಾರಣ ಅಂತ ವೈದ್ಯರೂ ಬಹಳ ಕಾಲ ನಂಬಿದ್ದರು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಈ ರೋಗಾಣುವನ್ನು ಲ್ಯಾಬ್‌ನಲ್ಲಿ ಬೆಳೆಸಿ ತೋರಿಸಿದಾಗಲೂ ಹೆಚ್ಚಿನವರು ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ರೋಗಾಣು ತುಂಬಿದ ದ್ರವವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ ಶುರುವಾಯಿತು. ಎಂಡೋಸ್ಕೋಪಿಯಲ್ಲಿ ಅವರ ಜಠರ ಊದಿಕೊಂಡಿದ್ದು ಕಂಡಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಖಾರ ಅಲ್ಸರ್ ಮಾಡುವುದಿಲ್ಲ. ಇರುವ ಹುಣ್ಣಿನ ಮೇಲೆ ಬಿದ್ದರೆ ಉರಿಸುತ್ತದೆ, ಅಷ್ಟೇ. ಉರಿದರೆ ವಾಸಿಯಾಗುವವರೆಗೆ ಕಡಿಮೆ ಮಾಡಿ, ಉರಿಯದಿದ್ದರೆ ತಿನ್ನಿ. ತಣ್ಣನೆ ಹಾಲು ಕುಡಿದರೆ ಆ ಕ್ಷಣಕ್ಕೆ ಹಾಯೆನಿಸುತ್ತದೆ. ಸ್ವಲ್ಪ ಹೊತ್ತಿಗೆ ಹಾಲೇ ಆಸಿಡ್ ಜಾಸ್ತಿ ಮಾಡಿಸುತ್ತದೆ.

ಕ್ಯಾನ್ಸರ್ ಭಯಕ್ಕೆ ನೇರ ಉತ್ತರ ಕೊಡುತ್ತೇನೆ. ಹೌದು, ಈ ರೋಗಾಣುವಿಗೂ ಜಠರದ ಕ್ಯಾನ್ಸರ್‌ಗೂ ಸಂಬಂಧ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಇದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಆದರೆ ಲೆಕ್ಕ ನೋಡಿ. ಸೋಂಕಿರುವ ನೂರು ಜನರಲ್ಲಿ ಹೆಚ್ಚಿನವರಿಗೆ ಇದು ಇದೆ ಅಂತಲೇ ಗೊತ್ತಾಗುವುದಿಲ್ಲ. ಜೀವಮಾನದಲ್ಲಿ ಹತ್ತರಿಂದ ಇಪ್ಪತ್ತು ಜನಕ್ಕೆ ಅಲ್ಸರ್ ಆಗಬಹುದು, ಒಂದೆರಡು ಜನಕ್ಕೆ ಕ್ಯಾನ್ಸರ್. ಅದೂ ದಶಕಗಳ ಕಾಲ ಊತ ಇದ್ದು ನಿಧಾನವಾಗಿ. ರೋಗಾಣುವನ್ನು ಕೊಂದರೆ ಆ ಅಪಾಯ ಇಳಿಯುತ್ತದೆ. ನಿಮ್ಮ ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಜಠರದ ಕ್ಯಾನ್ಸರ್ ಆಗಿದ್ದರೆ ವೈದ್ಯರಿಗೆ ಹೇಳಿ. ತೂಕ ಇಳಿಯುವುದು, ನುಂಗಲು ಕಷ್ಟ, ಪದೇ ಪದೇ ವಾಂತಿ, ರಕ್ತ ಕಡಿಮೆ ಇರುವುದು, ಇವುಗಳಲ್ಲಿ ಒಂದಿದ್ದರೂ ಬ್ರೆತ್ ಟೆಸ್ಟ್ ಬದಿಗಿಟ್ಟು ಎಂಡೋಸ್ಕೋಪಿಯನ್ನೇ ಮತ್ತೆ ಮಾಡಿಸಿ.

ಗಂಡ ಮತ್ತು ಮಕ್ಕಳು? ಈ ಸೋಂಕು ಸಾಮಾನ್ಯವಾಗಿ ಅಂಟುವುದು ಬಾಲ್ಯದಲ್ಲಿ, ಮನೆಯೊಳಗೇ. ನೀವು ಕೂಡ ಚಿಕ್ಕಂದಿನಿಂದ ಇದನ್ನು ಹೊತ್ತುಕೊಂಡೇ ಬಂದಿರುತ್ತೀರಿ. ಗಂಡನಿಗೆ ಇಂಥ ನೋವು ಇದ್ದರೆ, ಅಥವಾ ಅವರ ಮನೆತನದಲ್ಲಿ ಜಠರದ ಕ್ಯಾನ್ಸರ್ ಇದ್ದರೆ ಪರೀಕ್ಷಿಸಿ. ಇಡೀ ಮನೆಯವರನ್ನು ಪರೀಕ್ಷಿಸಿ ಎನ್ನುವ ವೈದ್ಯರೂ ಇದ್ದಾರೆ, ಅದರಲ್ಲಿ ತಪ್ಪಿಲ್ಲ. ಆದರೆ ತೊಂದರೆ ಇಲ್ಲದ ಮಕ್ಕಳಿಗೆ ನಾನು ಮಾಡಿಸುವುದಿಲ್ಲ. ಪಾಸಿಟಿವ್ ಬಂದರೆ ಎರಡು ವಾರ ಆಂಟಿಬಯಾಟಿಕ್ ತಿನ್ನಿಸುವ ಒತ್ತಡ ಬರುತ್ತದೆ, ಅದರಿಂದ ಆ ಮಗುವಿಗೆ ಸಿಗುವ ಲಾಭ ಕಡಿಮೆ. ದೊಡ್ಡವರಾದ ಮೇಲೆ ಹೊಸದಾಗಿ ಅಂಟುವುದು ಅಪರೂಪ. ಆದ್ದರಿಂದ ನಿಮ್ಮ ತಟ್ಟೆ ಲೋಟ ಬೇರೆ ಇಡುವ ಕೆಲಸಕ್ಕೆ ಹೋಗಬೇಡಿ.

ಕೋರ್ಸ್ ಮುಗಿದ ದಿನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಅಲ್ಲಿಂದ ಆರು ವಾರ ಎಣಿಸಿ. ನಾಲ್ಕು ವಾರಕ್ಕಿಂತ ಮೊದಲು ಪರೀಕ್ಷಿಸಿದರೆ ಅರೆಜೀವವಾಗಿ ಉಳಿದ ರೋಗಾಣು ಸಿಕ್ಕಿಬೀಳುವುದಿಲ್ಲ. ಆಸಿಡ್ ಮಾತ್ರೆ ಮುಂದುವರಿಸಿ ಎಂದಿದ್ದರೆ ಕೊನೆಯ ಎರಡು ವಾರ ಅದನ್ನೂ ನಿಲ್ಲಿಸಿ, ಮತ್ತೆ ಬ್ರೆತ್ ಟೆಸ್ಟ್ ಮಾಡಿಸಿ. ನೋವು ಹೋಗಿದ್ದರೂ ಮಾಡಿಸಿ. ನೋವು ಹೋಗುವುದು ಬೇರೆ, ರೋಗಾಣು ಹೋಗುವುದು ಬೇರೆ ಅಂತ ನಿಮ್ಮ ಆರು ದಿನದ ಕೋರ್ಸೇ ತೋರಿಸಿದೆ ಅಲ್ವಾ. ಆಗಲೂ ಪಾಸಿಟಿವ್ ಬಂದರೆ ಬಯಾಪ್ಸಿ ತೆಗೆದು, ಯಾವ ಔಷಧಿಗೆ ಬಗ್ಗುತ್ತದೆ ಅಂತ ನೋಡುವ ಸೌಲಭ್ಯ ಇರುವ ದೊಡ್ಡ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಹೋಗುವಾಗ ಹಳೆಯ ಎಂಡೋಸ್ಕೋಪಿ ರಿಪೋರ್ಟ್ ಮತ್ತು ಇದುವರೆಗೆ ನುಂಗಿದ ಎಲ್ಲ ಮಾತ್ರೆಗಳ ಚೀಟಿ ಒಯ್ಯಿರಿ. ಚೀಟಿ ಕಳೆದಿದ್ದರೆ ಮನೆಯಲ್ಲಿ ಉಳಿದಿರುವ ಆ ಎಂಟು ದಿನದ ಮಾತ್ರೆಗಳ ಪಟ್ಟಿಯಾದರೂ ಆಗುತ್ತದೆ.